ವಿಡಿಯೊ ಕಾಲ್‌ನಲ್ಲಿ ಟೈಪ್ ಮಾಡಿದರೆ ಪಾಸ್‌ವರ್ಡ್ ಸೋರುತ್ತಾ? 95% ಸುದ್ದಿಯ ಒಳಗೇನಿದೆ

ಮೀಟಿಂಗ್‌ನಲ್ಲಿ ನೀವು ಟೈಪ್ ಮಾಡುವ ಸದ್ದು ಕೇಳಿಸಿಕೊಂಡೇ ಏನು ಟೈಪ್ ಮಾಡಿದಿರಿ ಅಂತ ಕಂಡುಹಿಡಿಯಬಹುದು, ಅದೂ 95% ಸರಿಯಾಗಿ. 2023ರ ಆಗಸ್ಟ್‌ನಲ್ಲಿ ಬಂದ ಈ ಸುದ್ದಿಗೆ ಇನ್ನೂ ಸಾವಿಲ್ಲ. ಆಗಾಗ ಹೊಸ ತಲೆಬರಹ ಹೊತ್ತು ವಾಟ್ಸಾಪ್ ಗುಂಪುಗಳಿಗೆ ಬರುತ್ತಲೇ ಇರುತ್ತದೆ. ಓದಿದವರಲ್ಲಿ ಎರಡು ಬಗೆ. ಕೆಲವರು ಲ್ಯಾಪ್‌ಟಾಪ್ ಮುಟ್ಟೋದಕ್ಕೇ ಹೆದರುತ್ತಾರೆ. ಇನ್ನು ಕೆಲವರು "ಸುಮ್ನೆ ಹೆದರಿಸೋ ಕಥೆ" ಅಂತ ಪಕ್ಕಕ್ಕಿಡುತ್ತಾರೆ.

ಸುದ್ದಿ ಸುಳ್ಳಲ್ಲ. ಆದರೆ 95 ಅನ್ನುವ ಅಂಕಿಯನ್ನು ಎಲ್ಲಿಂದ ಎತ್ತಿಕೊಂಡರು ಅನ್ನೋದು ಗೊತ್ತಾಗದೆ ಅದರ ತೂಕ ತಿಳಿಯುವುದಿಲ್ಲ. ಅದು ಒಂದೊಂದು ಕೀಗೆ ಸಿಕ್ಕ ಅಂಕ, ಇಡೀ ಪಾಸ್‌ವರ್ಡ್‌ಗೆ ಸಿಕ್ಕದ್ದಲ್ಲ. ಅದೂ ಸದ್ದಿಗೂ ಅಕ್ಷರಕ್ಕೂ ಇರುವ ಜೋಡಿಯನ್ನು ಕಂಪ್ಯೂಟರ್‌ಗೆ ಮೊದಲೇ ಕಲಿಸಿದ ಮೇಲೆ ಸಿಕ್ಕಿದ್ದು. ಹಾಗಾಗಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಕೀಬೋರ್ಡ್‌ನ ಸದ್ದನ್ನು ಕಲಿಯಲು ಬೇಕಾದ ಮಾದರಿ ಬೇರೆಯವರಿಗೆ ಎಲ್ಲಿಂದ ಸಿಗುತ್ತದೆ?

ಆ ಪ್ರಯೋಗದಲ್ಲಿ ಮಾಡಿದ್ದೇನು

ಬ್ರಿಟನ್‌ನ ಮೂವರು ಸಂಶೋಧಕರು, ಜೋಶುವಾ ಹ್ಯಾರಿಸನ್, ಎಹ್ಸಾನ್ ತೊರೇನಿ ಮತ್ತು ಮರ್ಯಮ್ ಮೆಹರ್‌ನೆಝಾದ್, 2021ರ ಒಂದು 16 ಇಂಚಿನ ಮ್ಯಾಕ್‌ಬುಕ್ ಪ್ರೊ ತೆಗೆದುಕೊಂಡರು. a ಇಂದ z, 0 ಇಂದ 9, ಒಟ್ಟು 36 ಕೀ. ಪ್ರತಿ ಕೀಯನ್ನೂ 25 ಸಲ ಒತ್ತಿದರು. ಬೇರೆ ಬೇರೆ ಬೆರಳಿನಲ್ಲಿ ಒತ್ತಿದರು, ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಅಲ್ಲಿಗೆ 900 ಒತ್ತುಗಳಾದವು. ಒಂದು ಸಲ ಲ್ಯಾಪ್‌ಟಾಪ್‌ನಿಂದ 17 ಸೆಂಟಿಮೀಟರ್ ದೂರದಲ್ಲಿ ಬಟ್ಟೆಯ ಮೇಲಿಟ್ಟ ಐಫೋನ್‌ನಲ್ಲಿ ರೆಕಾರ್ಡ್ ಮಾಡಿದರು. ಇನ್ನೊಂದು ಸಲ ಝೂಮ್ ಕಾಲ್ ಮೂಲಕವೇ ರೆಕಾರ್ಡ್ ಮಾಡಿದರು.

ಆಮೇಲೆ ಪ್ರತಿ ಒತ್ತಿನ ಸದ್ದನ್ನೂ ಕತ್ತರಿಸಿ ಒಂದೊಂದು ಚಿತ್ರ ಮಾಡಿದರು. ಯಾವ ಕ್ಷಣದಲ್ಲಿ ಯಾವ ಕಂಪನ ಎಷ್ಟು ಜೋರಾಗಿತ್ತು ಅಂತ ತೋರಿಸುವ ಬಣ್ಣದ ಚಿತ್ರ ಅದು. ಚಿತ್ರ ಗುರುತಿಸುವುದರಲ್ಲಿ ಪಳಗಿದ ಯಂತ್ರಕಲಿಕೆಯ ಮಾದರಿಯೊಂದಕ್ಕೆ ಇವುಗಳಲ್ಲಿ ಬಹುಪಾಲನ್ನು ಕೊಟ್ಟು "ಇದು k, ಇದು 7" ಅಂತ ಕಲಿಸಿದರು. ಮಿಕ್ಕವನ್ನು ಪರೀಕ್ಷೆಗೆ ಇಟ್ಟುಕೊಂಡರು. ಫೋನ್ ರೆಕಾರ್ಡಿಂಗ್‌ನಲ್ಲಿ 95%, ಝೂಮ್‌ನಲ್ಲಿ 93% ಸರಿ ಬಂತು.

ಇಲ್ಲಿ ಗಮನಿಸಬೇಕಾದ್ದು: ಕಲಿತದ್ದೂ ಪರೀಕ್ಷೆ ಬರೆದದ್ದೂ ಅದೇ ಲ್ಯಾಪ್‌ಟಾಪ್‌ನ ಸದ್ದಿನ ಮೇಲೆ. ಝೂಮ್‌ನಲ್ಲಿ ಹಿನ್ನೆಲೆ ಸದ್ದು ಅಳಿಸುವ ಸೌಲಭ್ಯವನ್ನು ಆದಷ್ಟು ಕಡಿಮೆ ಮಟ್ಟಕ್ಕೆ ಇಳಿಸಿದ್ದರು. ಕೀಗಳನ್ನು ಒಂದೊಂದಾಗಿ, ಬಿಡಿಬಿಡಿಯಾಗಿ ಒತ್ತಿದ್ದರು. ಶಿಫ್ಟ್ ಕೀ ಲೆಕ್ಕದಲ್ಲೇ ಇರಲಿಲ್ಲ. ಇದು ಮೋಸವೇನಲ್ಲ, ಹೀಗೂ ಆಗಬಹುದು ಅಂತ ತೋರಿಸುವ ಪ್ರಯೋಗ ಇರುವುದೇ ಹೀಗೆ. ತಲೆಬರಹದಲ್ಲಿ ಮಾತ್ರ ಈ ಷರತ್ತುಗಳೆಲ್ಲ ಉದುರಿಹೋದವು.

ಕೀಗೊಂದು ಸದ್ದು ಯಾಕಿದೆ

ಕಿವಿಗೆ ಎಲ್ಲ ಕೀಗಳ ಸದ್ದೂ ಒಂದೇ, ಟಕ್ ಟಕ್. ವ್ಯತ್ಯಾಸ ಎಲ್ಲಿಂದ ಬರುತ್ತದೆ? ಇದನ್ನು 2004ರಲ್ಲೇ ಐಬಿಎಂ ಸಂಸ್ಥೆಯ ಡಿಮಿಟ್ರಿ ಅಸೊನೊವ್ ಮತ್ತು ರಾಕೇಶ್ ಅಗ್ರವಾಲ್ ಹುಡುಕಿದರು. ಕೀಗಳ ಆಕಾರದಲ್ಲಿ ಏನೋ ಸಣ್ಣ ಹೆಚ್ಚುಕಡಿಮೆ ಇರಬೇಕು ಅಂತ ಮೊದಲು ಅನಿಸುತ್ತದೆ, ಅಲ್ವಾ? ಮುಖ್ಯ ಕಾರಣ ಅದಲ್ಲ. ಕೀಗಳ ಕೆಳಗೆ ಉದ್ದಕ್ಕೂ ಒಂದೇ ತಗಡು ಅಥವಾ ಹಾಳೆ ಇರುತ್ತದೆ. ಯಾವ ಕೀ ಒತ್ತಿದರೂ ಪೆಟ್ಟು ಬೀಳುವುದು ಅದರ ಮೇಲೆ. ತಬಲಾದ ನಡುವೆ ಬಾರಿಸಿದರೆ ಒಂದು ನಾದ, ಅಂಚಿಗೆ ಬಾರಿಸಿದರೆ ಇನ್ನೊಂದು. ಇಲ್ಲೂ ಪೆಟ್ಟು ಬಿದ್ದ ಜಾಗ ಬದಲಾದರೆ ಕಂಪನ ಬದಲಾಗುತ್ತದೆ. ಅನುಮಾನ ತೀರಿಸಿಕೊಳ್ಳಲು ಅವರು ಆ ಹಾಳೆಯನ್ನೇ ಕತ್ತರಿಸಿ ನೋಡಿದರು. ಜಾಗಕ್ಕೆ ತಕ್ಕ ವ್ಯತ್ಯಾಸ ಅಲ್ಲಿಗೆ ಕಡಿಮೆಯಾಯಿತು.

ಒಂದು ಒತ್ತು ಅಂದರೆ ಒಂದೇ ಸದ್ದೂ ಅಲ್ಲ. ಬೆರಳು ಕೀಗೆ ತಾಗಿ ಕೀ ತಳ ಮುಟ್ಟಿದಾಗ ಒಂದು ಸದ್ದು, ಬೆರಳು ಎತ್ತಿದಾಗ ಇನ್ನೊಂದು. ಎರಡರ ನಡುವೆ ಸುಮಾರು ಸೆಕೆಂಡಿನ ಹತ್ತನೇ ಒಂದು ಪಾಲು. ಮೊದಲನೇ ಸದ್ದಿನ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಕೀ ಎಲ್ಲಿದೆ ಅನ್ನುವ ಸುಳಿವು ಜಾಸ್ತಿ.

ಇದರಿಂದ ಎರಡು ಪರಿಣಾಮ. ಸದ್ದು ತಿಳಿಸುವುದು ಅಕ್ಷರವನ್ನಲ್ಲ, ಜಾಗವನ್ನು. ಹಾಗಾಗಿ ಯಂತ್ರ ತಪ್ಪಿದಾಗ ಬಹಳ ಸಲ ಅಕ್ಕಪಕ್ಕದ ಕೀಗೇ ತಪ್ಪುತ್ತದೆ. s ಇದ್ದಲ್ಲಿ d ಅನ್ನುತ್ತದೆ. ಎರಡನೆಯದು, ಸದ್ದು ಕಡಿಮೆ ಇರುವ ಕೀಬೋರ್ಡ್ ಕೊಂಡರೆ ಪಾರಾಗುತ್ತೇವೆ ಅನ್ನುವ ಲೆಕ್ಕ ಪೂರ್ತಿ ಸರಿಯಲ್ಲ. ಮೈಕ್‌ಗೆ ಬೇಕಾದ್ದು ಜೋರು ಸದ್ದಲ್ಲ, ಬೇರೆ ಬೇರೆ ಸದ್ದು. ಮ್ಯಾಕ್‌ಬುಕ್‌ನ ಕೀಬೋರ್ಡ್ ಏನೂ ಗದ್ದಲದ್ದಲ್ಲ.

95 ಅಂದರೆ ಎಷ್ಟು

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಪಾಸ್‌ವರ್ಡ್ ಹತ್ತು ಅಕ್ಷರದ್ದು ಅಂದುಕೊಳ್ಳಿ. ಒಂದೊಂದು ಅಕ್ಷರ 95% ಸರಿ ಬರುತ್ತದೆ ಅಂದರೆ ಹತ್ತೂ ಸರಿ ಬರುವ ಸಾಧ್ಯತೆ 95 ಅಲ್ಲ. 0.95ನ್ನು ಹತ್ತು ಸಲ ಗುಣಿಸಬೇಕು. ಸುಮಾರು 60% ಆಗುತ್ತದೆ. ಝೂಮ್‌ನ 93 ಹಾಕಿದರೆ 48%ಗೆ ಇಳಿಯುತ್ತದೆ. ಅಂದರೆ ಪ್ರಯೋಗಾಲಯದ ಅತ್ಯುತ್ತಮ ಸ್ಥಿತಿಯಲ್ಲೂ ನಾಣ್ಯ ಚಿಮ್ಮಿದಷ್ಟೇ ಖಾತರಿ.

ಸಮಾಧಾನ ಆಯಿತಾ? ಪೂರ್ತಿ ಆಗಬೇಡಿ. ಕದಿಯುವವನು ಒಂದೇ ಉತ್ತರಕ್ಕೆ ಅಂಟಿಕೊಳ್ಳಬೇಕು ಅಂತೇನಿಲ್ಲ. ಪ್ರತಿ ಸದ್ದಿಗೂ "ಇದು s ಇರಬಹುದು, ಇಲ್ಲದಿದ್ದರೆ d, a, w, x" ಅಂತ ಐದು ಹೆಸರು ಬರೆದುಕೊಂಡರೆ ಅವನ ಕೆಲಸ ಹಗುರ. 2017ರಲ್ಲಿ ಇಟಲಿ ಮತ್ತು ಅಮೆರಿಕದ ಸಂಶೋಧಕರು ಸ್ಕೈಪ್ ಕಾಲ್‌ಗಳ ಮೇಲೆ ಮಾಡಿದ ಪ್ರಯೋಗ ಹೀಗೇ ಅಳೆದಿತ್ತು. ಕೀಬೋರ್ಡ್ ಯಾವುದು, ಆ ವ್ಯಕ್ತಿ ಟೈಪ್ ಮಾಡುವ ರೀತಿ ಹೇಗೆ ಅನ್ನುವುದು ಗೊತ್ತಿದ್ದರೆ, ಸರಿಯಾದ ಅಕ್ಷರ ಆ ಐದರೊಳಗೆ ಇರುವ ಸಾಧ್ಯತೆ 91.7% ಇತ್ತು.

ಬರೀ ಸಣ್ಣ ಇಂಗ್ಲಿಷ್ ಅಕ್ಷರಗಳ ಹತ್ತಕ್ಷರದ ಪಾಸ್‌ವರ್ಡ್‌ಗೆ ಸುಮಾರು 141 ಲಕ್ಷ ಕೋಟಿ ಸಾಧ್ಯತೆಗಳಿವೆ. ಪ್ರತಿ ಜಾಗಕ್ಕೂ ಐದೇ ಹೆಸರು ಉಳಿದರೆ ಅದು 5ರ ಹತ್ತನೇ ಘಾತಕ್ಕೆ, ಅಂದರೆ 98 ಲಕ್ಷಕ್ಕೆ ಕುಸಿಯುತ್ತದೆ. ಹತ್ತೂ ಅಕ್ಷರ ಆ ಪಟ್ಟಿಯೊಳಗೇ ಇರುವ ಸಾಧ್ಯತೆ ಸುಮಾರು 42%. ಬ್ಯಾಂಕಿನ ವೆಬ್‌ಸೈಟ್‌ನಲ್ಲಿ 98 ಲಕ್ಷ ಸಲ ಪ್ರಯತ್ನಿಸಲು ಬಿಡುವುದಿಲ್ಲ, ಕೆಲವೇ ಸಲ ತಪ್ಪಿದರೆ ಖಾತೆ ಲಾಕ್ ಆಗುತ್ತದೆ. ಆದರೆ ಪಾಸ್‌ವರ್ಡ್ ಹಾಕಿದ ಜಿಪ್ ಫೈಲೋ, ಕಳುವಾದ ಹಾರ್ಡ್ ಡಿಸ್ಕೋ ಕೈಯಲ್ಲಿದ್ದರೆ ಲಾಕ್ ಮಾಡುವವರು ಯಾರೂ ಇಲ್ಲ. ಕಂಪ್ಯೂಟರ್‌ಗೆ 98 ಲಕ್ಷ ದೊಡ್ಡ ಸಂಖ್ಯೆಯೇನಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ಅಂಕಿಯೂ ಇದೆ, ತಲೆಬರಹಕ್ಕೆ ಬಾರದ್ದು. ಕೀಬೋರ್ಡೂ ಗೊತ್ತಿಲ್ಲ, ಟೈಪ್ ಮಾಡುವ ರೀತಿಯೂ ಗೊತ್ತಿಲ್ಲ ಅಂದಾಗ 91.7 ಇದ್ದದ್ದು ಸುಮಾರು 42ಕ್ಕೆ ಬಿತ್ತು. ಕಣ್ಣು ಮುಚ್ಚಿ 26ರಲ್ಲಿ ಐದು ಅಕ್ಷರ ಆರಿಸಿದರೂ 19% ಸಿಗುತ್ತದೆ. ಅಂದರೆ 42 ಕಡೆಗಣಿಸುವಂಥ ಸುಳಿವೇನಲ್ಲ, ಆದರೆ ಭಯಪಡುವಂಥದ್ದೂ ಅಲ್ಲ. 42ಕ್ಕೂ 91.7ಕ್ಕೂ ನಡುವೆ ಇರುವುದು ಕಲಿಕೆ. ನಿಮ್ಮ ಸದ್ದು ಅವರಿಗೆ ಮೊದಲೇ ಪರಿಚಯವಿದೆಯೋ ಇಲ್ಲವೋ ಅನ್ನೋದು.

ಕಲಿಸಿಕೊಡುವವರು ನಾವೇ

ಪ್ರಯೋಗಾಲಯದಲ್ಲಿ ಕೀ ಒತ್ತಿ ಒತ್ತಿ ಕಲಿಸಬಹುದು. ಹೊರಗಿನ ಜಗತ್ತಿನಲ್ಲಿ ಯಾರ ಮನೆಗೆ ಹೋಗಿ "ಪ್ರತಿ ಕೀ 25 ಸಲ ಒತ್ತಿ" ಅಂತ ಕೇಳೋದು? ಕೇಳಬೇಕಾಗಿಯೇ ಇಲ್ಲ. ಒಂದು ಮೀಟಿಂಗ್ ಊಹಿಸಿಕೊಳ್ಳಿ.

ಬೆಂಗಳೂರಿನ ಒಂದು ಕಂಪನಿ. ಸಂಬಳದ ಲೆಕ್ಕ ನೋಡುವ ಒಬ್ಬರು ಒಂದು ಗಂಟೆಯ ಕಾಲ್‌ನಲ್ಲಿ ಕೂತಿದ್ದಾರೆ. ಮೈಕ್ ತೆರೆದೇ ಇದೆ. ನಡುನಡುವೆ ಚಾಟ್ ಪೆಟ್ಟಿಗೆಯಲ್ಲಿ "ok sir will send by evening" ಅಂತ ಬರೆಯುತ್ತಾರೆ. ಅದು ಕಾಲ್‌ನಲ್ಲಿರುವ ಎಲ್ಲರ ಪರದೆಗೂ ಹೆಸರು, ಸಮಯದ ಸಮೇತ ಹೋಗುತ್ತದೆ. ಅದಕ್ಕೆ ಕೆಲವು ಕ್ಷಣ ಮುಂಚಿನ ಟಕಟಕ ಸದ್ದು ರೆಕಾರ್ಡಿಂಗ್‌ನಲ್ಲಿದೆ. ಯಾವ ಸದ್ದು ಯಾವ ಅಕ್ಷರದ್ದು ಅಂತ ಜೋಡಿಸಲು ಇಷ್ಟು ಸಾಕು. ನಲವತ್ತನೇ ನಿಮಿಷದಲ್ಲಿ ಅವರು ಸಂಬಳದ ತಂತ್ರಾಂಶಕ್ಕೆ ಲಾಗಿನ್ ಆಗುತ್ತಾರೆ. ಆಗ ಚಾಟ್‌ನಲ್ಲಿ ಏನೂ ಕಾಣಿಸುವುದಿಲ್ಲ, ಹತ್ತು ಸಲ ಟಕ್ ಅಂದದ್ದು ಮಾತ್ರ ಕೇಳಿಸುತ್ತದೆ. 2023ರ ಸಂಶೋಧಕರೂ ಚಾಟ್ ಸಂದೇಶ ಹೀಗೆ ಬಳಕೆಗೆ ಬರಬಹುದು ಅಂತ ಹೇಳಿದ್ದಾರೆ.

ಇದಕ್ಕೂ ಮಿತಿ ಇದೆ. ಇಂಗ್ಲಿಷ್ ಬರಹದಲ್ಲಿ e ಬಹಳ ಸಲ ಬರುತ್ತದೆ. ಇನ್ನೂರು ಅಕ್ಷರ ಬರೆಯುವಷ್ಟರಲ್ಲಿ 25 ಸಲ ಬಂದಿರುತ್ತದೆ. z ಹಾಗಲ್ಲ. ಸಾವಿರ ಅಕ್ಷರಕ್ಕೆ ಒಂದು ಸಿಗುವುದೂ ಕಷ್ಟ. 25 ಸಲ ಕೇಳಬೇಕಾದರೆ 25,000ಕ್ಕಿಂತ ಜಾಸ್ತಿ ಅಕ್ಷರ ಟೈಪ್ ಮಾಡಿಸಬೇಕು. ಅಂಕಿಗಳು, ವಿಶೇಷ ಚಿಹ್ನೆಗಳು ಚಾಟ್‌ನಲ್ಲಿ ಇನ್ನೂ ಅಪರೂಪ. ಹಾಗಾಗಿ ಒಂದು ಮೀಟಿಂಗ್‌ನಿಂದ ಹೆಚ್ಚೇನೂ ಸಿಗುವುದಿಲ್ಲ. ವಾರಕ್ಕೆ ಮೂರು ಮೀಟಿಂಗ್, ವರ್ಷವಿಡೀ ರೆಕಾರ್ಡಿಂಗ್ ಅಂದರೆ ಕಥೆ ಬೇರೆ.

ಚಾಟ್ ಇಲ್ಲದೆಯೂ ಕಲಿಯುವ ದಾರಿ 2005ರಲ್ಲೇ ಬಂತು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಲಿ ಜುವಾಂಗ್, ಫೆಂಗ್ ಝೌ ಮತ್ತು ಡಗ್ ಟೈಗರ್ ಹತ್ತು ನಿಮಿಷದ ಟೈಪಿಂಗ್ ಸದ್ದನ್ನು ಮಾತ್ರ ಇಟ್ಟುಕೊಂಡರು. ಯಾವ ಸದ್ದು ಯಾವ ಅಕ್ಷರ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ತರಹದ ಸದ್ದುಗಳನ್ನು ಗುಂಪು ಮಾಡಿದರು. ಇಂಗ್ಲಿಷ್‌ನಲ್ಲಿ t ಆದ ಮೇಲೆ h ಬರುವುದು ಜಾಸ್ತಿ, q ಆದ ಮೇಲೆ u ಬರುತ್ತದೆ, ಇಂಥ ರೂಢಿಯನ್ನು ಹಿಡಿದು ಗುಂಪುಗಳಿಗೆ ಅಕ್ಷರ ಊಹಿಸಿದರು. ಅದಕ್ಕೆ ಕಾಗುಣಿತ ತಿದ್ದಿದರು. ತಿದ್ದಿದ್ದನ್ನೇ ಪಾಠವಾಗಿ ಕೊಟ್ಟು ಮತ್ತೆ ಕಲಿಸಿದರು. ಹೀಗೆ ಸುತ್ತು ಹಾಕುತ್ತ ಹೋದಂತೆ 96%ವರೆಗೂ ಅಕ್ಷರಗಳು ಹೊರಬಂದವು. ಭಾಷೆಯೇ ಕೀಲಿಕೈ ಆಯಿತು. ಹಾಗೆ ಕಲಿತ ಯಂತ್ರ ಆಮೇಲೆ ಅರ್ಥವಿಲ್ಲದ ಪಾಸ್‌ವರ್ಡ್‌ಗಳನ್ನೂ ಬಿಡಲಿಲ್ಲ: ಬರೀ ಅಕ್ಷರಗಳಿದ್ದ ಐದಕ್ಷರದವುಗಳಲ್ಲಿ 90%ರಷ್ಟು, ಇಪ್ಪತ್ತಕ್ಕಿಂತ ಕಡಿಮೆ ಊಹೆಯಲ್ಲಿ ಸಿಕ್ಕವು.

ಕನ್ನಡದಲ್ಲಿ ಟೈಪ್ ಮಾಡಿದರೆ?

ಭಾಷೆಯೇ ಕೀಲಿಕೈ ಅಂದಮೇಲೆ ಈ ಪ್ರಶ್ನೆ ಬರಲೇಬೇಕು. "ನಮ್ಮ" ಅನ್ನುವ ಪದ ನೋಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಮಾಡಿಸುವವರು `namma` ಅಂತ ಐದು ಕೀ ಒತ್ತುತ್ತಾರೆ. ನುಡಿ ವಿನ್ಯಾಸದಲ್ಲಿ ಟೈಪ್ ಮಾಡುವವರು `nmfm`, ನಾಲ್ಕೇ ಒತ್ತು. ಅಲ್ಲಿ ವ್ಯಂಜನದ ಜತೆ "ಅ" ತಾನಾಗಿ ಬರುತ್ತದೆ, ಒತ್ತಕ್ಷರಕ್ಕೆ f ಬೇಕು. ಮೊದಲನೆಯವರ ಕೀಬೋರ್ಡ್‌ನಲ್ಲಿ a ಸವೆದುಹೋಗಿರುತ್ತದೆ. ಎರಡನೆಯವರಲ್ಲಿ f. ಇಂಗ್ಲಿಷ್ ರೂಢಿ ಹಿಡಿದು ಊಹಿಸುವ ಯಂತ್ರಕ್ಕೆ ಇವೆರಡೂ ಗೊಂದಲ. ಇನ್ನು ಚಾಟ್‌ನ ಕಂಗ್ಲಿಷ್‌ನಲ್ಲಿ "ಮಾಡ್ತೀನಿ" ಅನ್ನೋದನ್ನು `madtini`, `maadtini`, `madthini` ಅಂತ ಮೂರು ಜನ ಮೂರು ತರಹ ಬರೆಯುತ್ತಾರೆ. ಕಾಗುಣಿತ ತಿದ್ದಲು ನಿಘಂಟೇ ಇಲ್ಲ.

ಇದನ್ನು ರಕ್ಷಣೆ ಅಂದುಕೊಳ್ಳಬೇಡಿ. ಯಾವ ಭಾಷೆ, ಯಾವ ವಿನ್ಯಾಸ ಅಂತ ಗೊತ್ತಾದರೆ ಅದರದೇ ರೂಢಿಯ ಪಟ್ಟಿ ತಯಾರಿಸುವುದು ಕಷ್ಟವಲ್ಲ. ಅಲ್ಲದೆ ಇಡೀ ದಿನ ಕನ್ನಡದಲ್ಲಿ ಟೈಪ್ ಮಾಡುವವರೂ ಪಾಸ್‌ವರ್ಡ್ ಬಂದಾಗ ಇಂಗ್ಲಿಷ್‌ಗೇ ಹೋಗುತ್ತಾರೆ. ಕಲಿಕೆ ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಸದ್ದಿಲ್ಲದಿದ್ದರೂ ಲಯ ಉಳಿಯುತ್ತದೆ

ಸುದ್ದಿಯಲ್ಲಿ ಬರದ ಅರ್ಧ ಭಾಗ ಇದು, ನನ್ನ ಪ್ರಕಾರ ಜಾಸ್ತಿ ಕುತೂಹಲದ್ದೂ ಇದೇ. ಎರಡು ಒತ್ತುಗಳ ನಡುವಿನ ಅಂತರವೂ ಮಾತಾಡುತ್ತದೆ. ಎರಡು ಅಕ್ಷರ ಬೇರೆ ಬೇರೆ ಕೈಯಲ್ಲಿದ್ದರೆ ಒಂದು ಕೈ ಒತ್ತುವಾಗಲೇ ಇನ್ನೊಂದು ಸಿದ್ಧವಾಗಿರುತ್ತದೆ, ಅಂತರ ಚಿಕ್ಕದು. ಒಂದೇ ಬೆರಳು ಎರಡು ಕೀಗೆ ಓಡಾಡಬೇಕಾದರೆ ಅಂತರ ದೊಡ್ಡದು. ಇಷ್ಟನ್ನು ತಿಳಿಯಲು ಮೈಕ್ ಕೂಡ ಬೇಡ.

ಇದಕ್ಕೆ ಒಳ್ಳೆ ಉದಾಹರಣೆ ಎಸ್‌ಎಸ್‌ಎಚ್. ದೂರದ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡುವ ಎಂಜಿನಿಯರ್‌ಗಳೆಲ್ಲ ದಿನಾ ಬಳಸುವ ದಾರಿ ಇದು. ಹೋಗುವುದೆಲ್ಲ ಗುಪ್ತಲಿಪಿಯಲ್ಲೇ ಹೋಗುತ್ತದೆ, ನಡುವೆ ಕೂತವರಿಗೆ ಓದಲಾಗದು. ಆದರೆ ಒಂದು ಕೀ ಒತ್ತಿದ ಕೂಡಲೇ ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಪೊಟ್ಟಣ, ಹೊರಡುತ್ತದೆ. ಒಳಗೇನಿದೆ ಅಂತ ಕಾಣದಿದ್ದರೂ ಎಷ್ಟು ಹೊತ್ತಿಗೆ ಹೊರಟಿತು ಅಂತ ಕಾಣುತ್ತದೆ. 2001ರಲ್ಲಿ ಬರ್ಕ್‌ಲಿಯ ಡಾನ್ ಸಾಂಗ್, ಡೇವಿಡ್ ವ್ಯಾಗ್ನರ್ ಮತ್ತು ಶುಚಿಂಗ್ ಟಿಯಾನ್ ಇದನ್ನು ಹಿಡಿದರು.

ಅವರು ಕಂಡ ಒಂದು ಸೂಕ್ಷ್ಮ ನೋಡಿ. ಸಾಮಾನ್ಯ ಆಜ್ಞೆ ಟೈಪ್ ಮಾಡುವಾಗ ಸರ್ವರ್ ಪ್ರತಿ ಅಕ್ಷರವನ್ನೂ ವಾಪಸ್ ಕಳಿಸುತ್ತದೆ, ಪರದೆಯ ಮೇಲೆ ಕಾಣಿಸಬೇಕಲ್ಲ. ಆದರೆ ಇನ್ನೊಬ್ಬ ಬಳಕೆದಾರರಾಗಿ ಬದಲಾಗಲು ಕೊಡುವ `su` ಆಜ್ಞೆ ಕೇಳಿದ ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಖಾಲಿ. ಅಂದರೆ ವಾಪಸ್ ಪ್ಯಾಕೆಟ್ ಇಲ್ಲ. ಗುಟ್ಟಾಗಿರಲಿ ಅಂತ ಮಾಡಿದ ವ್ಯವಸ್ಥೆಯೇ "ಪಾಸ್‌ವರ್ಡ್ ಇಲ್ಲಿಂದ ಶುರು, ಇಷ್ಟು ಅಕ್ಷರ" ಅಂತ ಸಾರಿಬಿಟ್ಟಿತ್ತು. ಅಂತರಗಳನ್ನು ಅಳೆದರೆ ಪಾಸ್‌ವರ್ಡ್ ನೇರವಾಗಿ ಸಿಗುವುದಿಲ್ಲ. ಆದರೆ ಹುಡುಕಾಟ ಸುಮಾರು 50 ಪಟ್ಟು ಹಗುರಾಗುತ್ತದೆ ಅಂತ ಅವರು ತೋರಿಸಿದರು.

ಎಸ್‌ಎಸ್‌ಎಚ್‌ಗೆ ಬಳಸುವ ಓಪನ್‌ಎಸ್‌ಎಸ್‌ಎಚ್ ಅನ್ನುವ ತಂತ್ರಾಂಶದ ತಂಡ ಅದೇ ವರ್ಷ ಒಂದು ಮದ್ದು ಹಾಕಿತು. ಪಾಸ್‌ವರ್ಡ್ ಹೊತ್ತಿನಲ್ಲೂ ಸುಳ್ಳು ಪ್ರತಿಧ್ವನಿ ಪ್ಯಾಕೆಟ್ ಕಳಿಸುವ ಏರ್ಪಾಡು ಅದು. ಲಯವನ್ನೇ ಮುಚ್ಚುವ ಕೆಲಸ ಆದದ್ದು ಮಾತ್ರ 2023ರ ಅಕ್ಟೋಬರ್‌ನಲ್ಲಿ, 9.5ನೇ ಆವೃತ್ತಿಯಲ್ಲಿ. ಕೀ ಯಾವಾಗಲೇ ಒತ್ತಿದರೂ ಪ್ಯಾಕೆಟ್ 20 ಮಿಲಿಸೆಕೆಂಡ್‌ಗೆ ಒಂದರಂತೆ ಸಮವಾಗಿ ಹೊರಡುತ್ತದೆ. ಬೆರಳು ನಿಂತ ಮೇಲೂ ಸ್ವಲ್ಪ ಹೊತ್ತು ಸುಳ್ಳು ಒತ್ತುಗಳು ಹೋಗುತ್ತವೆ. ಅಷ್ಟಾದರೂ ಕಥೆ ಮುಗಿಯಲಿಲ್ಲ. 9.5ರಿಂದ 9.7ರವರೆಗೆ ಒಂದು ತಪ್ಪು ನುಸುಳಿತ್ತು. ಸುಳ್ಳು ಪ್ಯಾಕೆಟ್ ಜತೆ ನಿಜವಾದದ್ದೂ ಬೇರೆಯಾಗಿ ಹೋಗುತ್ತಿತ್ತು, ನೋಡುವವರು ಬಿಡಿಸಿಕೊಳ್ಳಬಹುದಿತ್ತು. ಇದರಿಂದ 2001ರ ಹಳೆಯ ಮದ್ದೂ ಕೆಟ್ಟಿತು. 2024ರ ಜುಲೈ 1ರಂದು ಬಂದ 9.8 ಇದನ್ನು ಸರಿಪಡಿಸಿತು. ನಿಮ್ಮ ಹತ್ತಿರ ಯಾವುದಿದೆ ಅಂತ ನೋಡಲು ಒಂದೇ ಸಾಲು ಸಾಕು:

```
ssh -V
```

ಸದ್ದು ಮತ್ತು ಲಯ ಬೇರೆ ಬೇರೆ ಅಂತ ತಿಳಿದರೆ ಇನ್ನೊಂದು ವಿಷಯ ಅರ್ಥವಾಗುತ್ತದೆ. ಕಾಲ್‌ನ ಹಿನ್ನೆಲೆ ಸದ್ದು ಅಳಿಸುವ ಸೌಲಭ್ಯ ಒತ್ತಿನ ನಾದವನ್ನು ಕೆಡಿಸಬಹುದು. ಆದರೆ ಟಕ್ ಅಂದದ್ದು ಎಲ್ಲೋ ಸಣ್ಣಗೆ ಕೇಳಿಸಿದರೂ ಅದು ಯಾವಾಗ ಬಂತು ಅನ್ನೋದು ಉಳಿಯುತ್ತದೆ. 2024ರಲ್ಲಿ ಅಮೆರಿಕದ ಆಗಸ್ಟಾ ವಿಶ್ವವಿದ್ಯಾಲಯದ ಇಬ್ಬರು ಗದ್ದಲವಿರುವ ಜಾಗದಲ್ಲೂ ಟೈಪಿಂಗ್ ಲಯವನ್ನು ನೆಚ್ಚಿಕೊಂಡು ಸರಾಸರಿ 43% ಸರಿಯಾಗಿ ಊಹಿಸಿದರು. ಬಹಳ ವೇಗವಾಗಿ ಟೈಪ್ ಮಾಡುವವರು, ಒಂದೇ ಲಯ ಇಲ್ಲದವರು ಅವರಿಗೂ ಕಷ್ಟವಾದರು.

ಯಾರ ಮಾತು ಸರಿ

ಸಂಶೋಧಕರ ವಾದ ಹೀಗಿದೆ. ಮೈಕ್ ಈಗ ಎಲ್ಲೆಲ್ಲೂ ಇದೆ. ಒಂದೇ ಮಾಡೆಲ್‌ನ ಲ್ಯಾಪ್‌ಟಾಪ್‌ಗಳ ಕೀಬೋರ್ಡ್ ಒಂದೇ ಅಚ್ಚಿನದ್ದು, ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಅಷ್ಟಿಷ್ಟು ಹೊಂದುತ್ತದೆ. ಯಂತ್ರಕಲಿಕೆಯ ಮಾದರಿಗಳು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿವೆ. ಹಾಗಾಗಿ ಇವತ್ತು ಕಷ್ಟ ಅನ್ನುವುದನ್ನು ನಂಬಿ ಕೂರುವುದು ಸರಿಯಲ್ಲ.

ಇನ್ನೊಂದು ಕಡೆಯವರು ಕೇಳುವುದು: ಇಷ್ಟೆಲ್ಲ ಯಾರು ಕಷ್ಟಪಡುತ್ತಾರೆ? "ನಿಮ್ಮ ಕೆವೈಸಿ ಅವಧಿ ಮುಗಿದಿದೆ" ಅಂತ ಒಂದು ಫೋನ್ ಮಾಡಿ ಓಟಿಪಿ ಕೇಳಿದರೆ, ಪರದೆ ಹಂಚುವ ಆ್ಯಪ್ ಹಾಕಿಸಿದರೆ, ಕೆಲಸ ಐದು ನಿಮಿಷದ್ದು. ಹಣಕ್ಕಾಗಿ ಕದಿಯುವವನಿಗೆ ಸದ್ದಿನ ಗೊಡವೆ ಬೇಕಿಲ್ಲ.

ಎರಡೂ ಸರಿ, ಯಾಕೆಂದರೆ ಅವರು ಬೇರೆ ಬೇರೆ ಜನರ ಬಗ್ಗೆ ಮಾತಾಡುತ್ತಿದ್ದಾರೆ. ಸಾವಿರಾರು ಜನರಿಗೆ ಬಲೆ ಬೀಸುವ ವಂಚಕರಿಗೆ ಇದು ಲಾಭದ ದಾರಿಯಲ್ಲ. ಒಬ್ಬ ನಿರ್ದಿಷ್ಟ ವ್ಯಕ್ತಿಯೇ ಬೇಕು, ಅವರ ರೆಕಾರ್ಡಿಂಗ್ ಹೇಗೂ ಕೈಯಲ್ಲಿದೆ ಅನ್ನುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಪತ್ರಕರ್ತರು, ವಕೀಲರು, ಸರ್ವರ್ ನೋಡಿಕೊಳ್ಳುವವರು, ಕಂಪನಿಯ ಹಣಕಾಸು ವಿಭಾಗದವರು, ಯೂಟ್ಯೂಬ್‌ನಲ್ಲಿ ಕೋಡ್ ಬರೆದು ತೋರಿಸುವವರು ಈ ಪಟ್ಟಿಗೆ ಬರುತ್ತಾರೆ. ಮನೆಯಲ್ಲಿ ಕೂತು ಕರೆಂಟ್ ಬಿಲ್ ಕಟ್ಟುವವರು ಓಟಿಪಿ ಫೋನ್‌ಗೇ ಹೆದರಲಿ, ಕೀಬೋರ್ಡ್‌ಗಲ್ಲ.

ಏನು ಮಾಡಿದರೆ ಸಾಕು

ಮೊದಲ ಅಭ್ಯಾಸ ಮ್ಯೂಟ್. ಮಾತಾಡದಿದ್ದಾಗ ಮೈಕ್ ಮುಚ್ಚಿಡಿ. ಟೈಪ್ ಮಾಡುವ ಮೊದಲು ಖಂಡಿತ ಮುಚ್ಚಿ, ಅದು ಚಾಟ್ ಸಂದೇಶವೇ ಆದರೂ ಸರಿ. ಪಾಸ್‌ವರ್ಡ್ ಹಾಕುವಾಗ ಮಾತ್ರ ಮ್ಯೂಟ್ ಮಾಡಿ, ಚಾಟ್ ಬರೆಯುವಾಗ ತೆರೆದಿಟ್ಟರೆ ಪಾಠ ಹೇಳಿಕೊಟ್ಟ ಹಾಗೇ ಆಯಿತು. ಮೈಕ್ ಸದಾ ಮುಚ್ಚಿದ್ದು, ಮಾತಾಡುವಾಗ ಮಾತ್ರ ಸ್ಪೇಸ್ ಬಾರ್ ಒತ್ತಿ ಹಿಡಿಯುವ ಸೌಲಭ್ಯ ಝೂಮ್‌ನಂಥ ಆ್ಯಪ್‌ಗಳಲ್ಲಿದೆ. ಅದು ರೂಢಿಯಾದರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಎರಡನೆಯದು, ಪಾಸ್‌ವರ್ಡ್ ಟೈಪ್ ಮಾಡುವುದನ್ನೇ ಬಿಡುವುದು. ಪಾಸ್‌ವರ್ಡ್ ಮ್ಯಾನೇಜರ್ ತಾನೇ ತುಂಬಿದರೆ, ಅಥವಾ ಬೆರಳಚ್ಚು, ಪಾಸ್‌ಕೀ ಬಳಸಿದರೆ, ಸದ್ದೂ ಇಲ್ಲ, ಲಯವೂ ಇಲ್ಲ. ಮ್ಯಾನೇಜರ್ ತೆರೆಯುವ ಮುಖ್ಯ ಪಾಸ್‌ವರ್ಡ್ ಒಂದನ್ನು ಕಾಲ್ ಶುರುವಾಗುವ ಮೊದಲೇ ಹಾಕಿಕೊಳ್ಳಿ. ಎರಡನೇ ಹಂತದ ದೃಢೀಕರಣ ಇದ್ದರೆ ಪಾಸ್‌ವರ್ಡ್ ಸೋರಿದರೂ ಬಾಗಿಲು ತೆರೆಯುವುದಿಲ್ಲ.

ಕಾಲ್ ನಡುವೆ ಟೈಪ್ ಮಾಡಲೇಬೇಕು, ಮ್ಯೂಟ್ ಮಾಡಲೂ ಆಗದು ಅಂದರೆ ಕ್ರಮ ಕೆಡಿಸಿ. ಕೊನೆಯ ನಾಲ್ಕು ಅಕ್ಷರ ಮೊದಲು ಟೈಪ್ ಮಾಡಿ, ಮೌಸ್‌ನಿಂದ ಅದರ ಆರಂಭಕ್ಕೆ ಕ್ಲಿಕ್ಕಿಸಿ, ಮೊದಲ ಭಾಗ ಆಮೇಲೆ ಹಾಕಿ. ಸದ್ದು ಕೇಳಿದವರಿಗೆ ಅಕ್ಷರ ಸಿಕ್ಕರೂ ಜಾಗ ಸಿಗುವುದಿಲ್ಲ. ದೊಡ್ಡಕ್ಷರ, ಚಿಹ್ನೆ ಬೆರೆಸಿದರೂ ಲಾಭ ಇದೆ. ಶಿಫ್ಟ್ ಒತ್ತಿದ್ದು ಕೇಳಿಸಬಹುದು, ಆದರೆ ಬೇರೆ ಸದ್ದುಗಳ ನಡುವೆ ಅದನ್ನು ಯಾವಾಗ ಬಿಟ್ಟರು ಅಂತ ಹಿಡಿಯಲು 2023ರ ತಂಡಕ್ಕೂ ದಾರಿ ಸಿಗಲಿಲ್ಲ. ನಿಘಂಟಿನಲ್ಲಿರುವ ಪದ ಮಾತ್ರ ಬೇಡ. ಎರಡು ಅಕ್ಷರ ತಪ್ಪಿದರೂ ಮಿಕ್ಕಿದ್ದನ್ನು ಪದವೇ ತುಂಬಿಕೊಡುತ್ತದೆ.

ಇನ್ನು ಟೈಪಿಂಗ್ ಶಾಲೆಯಲ್ಲಿ ಕಲಿತವರಿಗೆ ಒಂದು ಸಿಹಿ ಸುದ್ದಿ. ಹತ್ತೂ ಬೆರಳು ಬಳಸಿ ಟೈಪ್ ಮಾಡಿದಾಗ ಗುರುತಿಸುವಿಕೆ 64%ರಿಂದ 40%ಗೆ ಇಳಿದದ್ದನ್ನು ಹಿಂದಿನ ಪ್ರಯೋಗವೊಂದು ತೋರಿಸಿದೆ. ಒತ್ತುಗಳು ಒಂದರ ಮೇಲೊಂದು ಬೀಳುತ್ತವೆ, ಬೆರಳಿನ ಕೋನವೂ ಬದಲಾಗುತ್ತದೆ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವವರದ್ದು ಯಂತ್ರಕ್ಕೆ ತುಂಬ ಸ್ಪಷ್ಟವಾದ ಸದ್ದು.

ಫೋನನ್ನು ಕೀಬೋರ್ಡ್ ಪಕ್ಕದಲ್ಲೇ ಅದೇ ಮೇಜಿನ ಮೇಲೆ ಇಡುವ ಅಭ್ಯಾಸ ಬಿಟ್ಟರೆ ಒಳ್ಳೆಯದು. 2011ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ಮೈಕ್ ಬಳಸದೆ, ಮೇಜಿನ ಅದುರುವಿಕೆಯನ್ನು ಫೋನಿನ ಚಲನೆ ಸಂವೇದಕದಿಂದ ಹಿಡಿದು ಪದಗಳನ್ನು ಊಹಿಸಿದ್ದರು. ಫೋನ್ ಕೆಲವೇ ಇಂಚು ದೂರದಲ್ಲಿದ್ದರೆ ಮಾತ್ರ ಅದು ನಡೆಯುತ್ತಿತ್ತು. ಯಾವ ಆ್ಯಪ್‌ಗೆ ಮೈಕ್ ಅನುಮತಿ ಕೊಟ್ಟಿದ್ದೀರಿ ಅಂತ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿ. ಟಾರ್ಚ್ ಆ್ಯಪ್‌ಗೆ ಮೈಕ್ ಯಾಕೆ ಬೇಕು?

ಹಾಡು ಹಾಕಿಕೊಂಡರೆ ಸಾಕು ಅನ್ನುವ ಸಲಹೆ ಅಷ್ಟು ಗಟ್ಟಿಯಲ್ಲ. ಫ್ಯಾನಿನ ಗುಂಯ್ ಸದ್ದು, ಹಾಡು ಎಲ್ಲ ಬೇರೆ ಸ್ವಭಾವದ ಸದ್ದುಗಳು, ಸೋಸಿ ತೆಗೆಯಲು ಬರುತ್ತದೆ. ಕೀಬೋರ್ಡ್ ಸದ್ದನ್ನೇ ಹೋಲುವ ಸುಳ್ಳು ಒತ್ತುಗಳನ್ನು ಬೆರೆಸುವುದು ಹೆಚ್ಚು ಪರಿಣಾಮಕಾರಿ, ಆದರೆ ಅದನ್ನು ಕಾಲ್ ಆ್ಯಪ್ ಮಾಡುವವರು ಒಳಗೇ ಸೇರಿಸಬೇಕು.

ರೆಕಾರ್ಡಿಂಗ್ ಅನ್ನುವ ಬಾಲ

ಮುಂದೆ ಈ ವಿಷಯ ಎಲ್ಲಿಗೆ ಹೋಗುತ್ತದೆ ಅನ್ನೋದು ಕೀಬೋರ್ಡ್‌ಗಿಂತ ಹೆಚ್ಚಾಗಿ ರೆಕಾರ್ಡಿಂಗ್ ಮೇಲೆ ನಿಂತಿದೆ. ಕಾಲ್ ನಡೆಯುವಾಗ ಕೇಳಿಸಿಕೊಂಡವರು ಆಗಲೇ ಲೆಕ್ಕ ಹಾಕಬೇಕಿಲ್ಲ. ಫೈಲ್ ಉಳಿದಿದ್ದರೆ, ಮುಂದೆ ಬರುವ ಇನ್ನೂ ಚುರುಕಾದ ಮಾದರಿಗೆ ಅದನ್ನು ಕೊಡಬಹುದು. ಆ ಪಾಸ್‌ವರ್ಡ್ ಅಷ್ಟು ಹೊತ್ತಿಗೂ ಬದಲಾಗದೆ ಇದ್ದರೆ ಮಾತ್ರ ಅದರಿಂದ ಉಪಯೋಗ. ಆದ್ದರಿಂದ ಕಂಪನಿಗಳು ಮೀಟಿಂಗ್ ರೆಕಾರ್ಡಿಂಗ್‌ಗಳನ್ನು ಎಷ್ಟು ದಿನ ಇಡಬೇಕು, ಯಾರಿಗೆ ಕೊಡಬೇಕು ಅಂತ ನಿಯಮ ಮಾಡುವಾಗ ಟೈಪಿಂಗ್ ಸದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾತಾಡುವ ಪ್ರತಿಯೊಬ್ಬರ ಧ್ವನಿಯನ್ನು ಬೇರೆ ಬೇರೆ ಫೈಲಾಗಿ ಉಳಿಸುವ ಸೌಲಭ್ಯ ಇದ್ದರೆ, ಬೇಕಿಲ್ಲದಾಗ ಅದನ್ನು ಆಫ್ ಮಾಡಿಡಬೇಕು. ಅದು ಒಬ್ಬರ ಕೀಬೋರ್ಡ್ ಸದ್ದನ್ನು ಇನ್ನೊಬ್ಬರ ಮಾತಿನಿಂದ ಬಿಡಿಸಿಯೇ ಕೊಟ್ಟಂತೆ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ರೆಕಾರ್ಡ್ ಆಗುತ್ತಿದ್ದ ಕಾಲ್‌ನಲ್ಲಿ ಮೈಕ್ ತೆರೆದಿಟ್ಟು ಮುಖ್ಯವಾದ ಖಾತೆಯೊಂದರ ಪಾಸ್‌ವರ್ಡ್ ಹಾಕಿದ್ದು ನೆನಪಿದ್ದರೆ, ಆ ಒಂದನ್ನು ಬದಲಾಯಿಸಿ. ಈ ಸಲ ಮೈಕ್ ಮುಚ್ಚಿ.